ಮಗುವಿನ ಹಾಲಿಗೆ ಹಾಕುವ ಮಾಲ್ಟ್ ಪುಡಿ: ಎರಡು ಚಮಚದಲ್ಲಿ ಏನಿದೆ?

ಪ್ರಶ್ನೆ (ತಾಯಿ, ಮಂಡ್ಯ): ನನ್ನ ಮಗನಿಗೆ 6 ವರ್ಷ. ದಿನಕ್ಕೆ ಎರಡು ಲೋಟ ಹಾಲು, ಪ್ರತಿ ಲೋಟಕ್ಕೂ ಎರಡು ಚಮಚ ಮಾಲ್ಟ್ ಪುಡಿ, ಮೇಲೆ ಒಂದು ಚಮಚ ಸಕ್ಕರೆ. ಪುಡಿ ನಿಲ್ಲಿಸಿದರೆ ಮಗು ಸೊರಗುತ್ತೆ ಅಂತಾರೆ ಅತ್ತೆ. ಅದರಿಂದ ನಿಜವಾಗಿ ಏನಾದ್ರೂ ಸಿಗುತ್ತಾ ಮೇಡಂ?

ಆಹಾರ ತಜ್ಞೆ, ಮೈಸೂರು: ಉತ್ತರ ಹೇಳುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಎರಡು ಚಮಚ ಎಷ್ಟು ಗ್ರಾಂ ಅಂತ ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಡಿ. ಡಬ್ಬಿಯ ಹಿಂದೆ ‘ಆಡೆಡ್ ಶುಗರ್ಸ್’ ಅಂತ ಸಣ್ಣ ಅಕ್ಷರದಲ್ಲಿ ಇರುತ್ತೆ. ಅದು 100 ಗ್ರಾಂಗೆ ಎಷ್ಟು ಅಂತ ನೋಡಿ ಹೇಳಿ.

ತಾಯಿ: ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ತೂಗಿಸಿದೆ. 31 ಗ್ರಾಂ ಬಂತು! ಡಬ್ಬಿ ಮೇಲೆ 20 ಗ್ರಾಂ ಹಾಕಿ ಅಂತಿದೆ. ಸಕ್ಕರೆ 100ಕ್ಕೆ 32 ಗ್ರಾಂ.

ಆಹಾರ ತಜ್ಞೆ: ಊಟದ ಚಮಚದಲ್ಲಿ ಗೋಪುರದ ಹಾಗೆ ತುಂಬಿ ಹಾಕಿದ್ದೀರಿ, ಅಷ್ಟೇ. ಎಲ್ಲರ ಮನೆಯಲ್ಲೂ ಹೀಗೇ ಆಗುತ್ತೆ. 31 ಗ್ರಾಂ ಪುಡಿಯಲ್ಲಿ ಸುಮಾರು 10 ಗ್ರಾಂ ಸಕ್ಕರೆ ಇದೆ. ನೀವು ಮೇಲೆ ಹಾಕುವ ಚಮಚ ಇನ್ನೊಂದು 5 ಗ್ರಾಂ. ಎರಡು ಲೋಟಕ್ಕೆ 30 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಈ ವಯಸ್ಸಿಗೆ ಲೆಕ್ಕ ಹಾಕಿದರೆ ದಿನಕ್ಕೆ ಹೆಚ್ಚೂ ಕಡಿಮೆ 34 ಗ್ರಾಂ. ಅದರ ಅರ್ಧಕ್ಕಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೇದು ಅಂತಲೂ ಹೇಳಿದ್ದಾರೆ. ಅಂದ್ರೆ ಬಿಸ್ಕತ್ತು, ಜಾಮ್, ಹಬ್ಬದ ಸಿಹಿ ಎಲ್ಲ ಬರೋದಕ್ಕೆ ಮುಂಚೆಯೇ ಹಾಲಿನ ಲೋಟದಲ್ಲೇ ಪಾಲು ಹೆಚ್ಚೂ ಕಡಿಮೆ ಮುಗೀತು.

ಇನ್ನು ಏನು ಸಿಗುತ್ತೆ ಅನ್ನೋದು. ಒಂದು ಲೋಟ ಹಾಲು, ಅಂದರೆ 180 ಮಿಲಿ ಅಂದುಕೊಳ್ಳಿ, ಅದರಲ್ಲಿ ಸುಮಾರು 6 ಗ್ರಾಂ ಪ್ರೋಟೀನು, 200 ಮಿಲಿಗ್ರಾಂ ದಾಟಿ ಕ್ಯಾಲ್ಸಿಯಂ ಇರುತ್ತೆ. ಈ ಬಗೆಯ ಪುಡಿ 20 ಗ್ರಾಂ ಹಾಕಿದರೆ ಸೇರುವ ಪ್ರೋಟೀನು ಸಾಮಾನ್ಯವಾಗಿ ಒಂದೆರಡು ಗ್ರಾಂ. ‘ಹಾಲಿನ ಜೊತೆ’ ಅಂತ ಡಬ್ಬಿಯ ಮೇಲೆ ಹೇಳುವ ಲಾಭದಲ್ಲಿ ಬಹುಪಾಲು ಹಾಲಿನದ್ದೇ. ಪುಡಿಯಲ್ಲಿ ಕಬ್ಬಿಣ, ವಿಟಮಿನ್ ಬೆರೆಸಿರ್ತಾರೆ, ಅದು ಸುಳ್ಳಲ್ಲ. ಆದರೆ ಹಾಲಿನ ಕ್ಯಾಲ್ಸಿಯಂ ಕಬ್ಬಿಣ ಹೀರಿಕೊಳ್ಳೋದನ್ನು ಕಡಿಮೆ ಮಾಡುತ್ತೆ. ಹಾಗಾಗಿ ಕಬ್ಬಿಣಕ್ಕೆ ಇದನ್ನೇ ನಂಬಿಕೊಂಡು ಕೂರಬೇಡಿ.

ತಂದೆ, ಶ್ರೀರಂಗಪಟ್ಟಣ: ಇದಕ್ಕೆಲ್ಲ ಒಂದೇ ಪರಿಹಾರ, ಮನೆಯ ರಾಗಿ ಮಾಲ್ಟ್. ನಾವು ಬೆಲ್ಲ ಹಾಕ್ತೀವಿ, ಸಕ್ಕರೆಯೇ ಇಲ್ಲ.

ಆಹಾರ ತಜ್ಞೆ: ರಾಗಿ ವಿಷಯ ಸರಿ ಸರ್. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದರೆ ಹಿಟ್ಟು ಕುದಿಸುವಾಗ ಅಷ್ಟು ಗಟ್ಟಿಯಾಗಲ್ಲ. ಅದೇ ಲೋಟಕ್ಕೆ ಜಾಸ್ತಿ ಹಿಟ್ಟು ಹಿಡಿಯುತ್ತೆ. 20 ಗ್ರಾಂ ರಾಗಿಯಲ್ಲಿ 70 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇದೆ. ಆದರೆ ಬೆಲ್ಲವೂ ಸಕ್ಕರೆಯ ಲೆಕ್ಕಕ್ಕೇ ಬರುತ್ತೆ. ದೊಡ್ಡ ಉಂಡೆ ಹಾಕಿದರೆ ಡಬ್ಬಿಯ ಪುಡಿಗೂ ಅದಕ್ಕೂ ವ್ಯತ್ಯಾಸ ಕಡಿಮೆ.

ಹಿರಿಯರು, ಮದ್ದೂರು: ನನಗೆ ಸಕ್ಕರೆ ಕಾಯಿಲೆ ಇದೆ. ಮೊಮ್ಮಗಳ ಡಬ್ಬಿಯದ್ದೇ ಕುಡಿತೀನಿ, ಶಕ್ತಿ ಬರುತ್ತೆ ಅಂತ. ಪರವಾಗಿಲ್ವಾ?

ಆಹಾರ ತಜ್ಞೆ: ನಿಮಗೆ ಬೇಡ ಯಜಮಾನ್ರೇ. ಸಕ್ಕರೆ ಇಲ್ಲದ ಹಾಲು ಕುಡೀರಿ, ನಿಮ್ಮ ಡಾಕ್ಟರಿಗೂ ಈ ವಿಷಯ ಹೇಳಿ.

ಇನ್ನೊಬ್ಬ ತಾಯಿ, ಮೈಸೂರು: ಸರ್ಕಾರ ಇದನ್ನು ನಿಷೇಧ ಮಾಡಿದೆ ಅಲ್ವಾ?

ಆಹಾರ ತಜ್ಞೆ: ನಿಷೇಧ ಇಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಇಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಲ್ಲಿ ಇಡಬೇಡಿ ಅಂತ ಹೇಳಿತು. ನಮ್ಮ ಆಹಾರ ಕಾನೂನಿನಲ್ಲಿ ಆ ಹೆಸರಿನ ವರ್ಗವೇ ಇಲ್ಲ. ಮಾರೋದು ಮುಂದುವರಿದಿದೆ.

ಮಂಡ್ಯದ ಅಮ್ಮನಿಗೆ: ಒಂದೇ ಸಲಕ್ಕೆ ನಿಲ್ಲಿಸಬೇಡಿ, ಮಗು ಹಾಲೇ ಬಿಟ್ಟುಬಿಡುತ್ತೆ. ಮೊದಲು ಮೇಲಿನ ಸಕ್ಕರೆ ತೆಗೀರಿ. ವಾರ ಕಳೆದ ಮೇಲೆ ಗೋಪುರದ ಚಮಚ ಬಿಟ್ಟು ಸಮತಟ್ಟು ಚಮಚ ಮಾಡಿ. ಆಮೇಲೆ ಸಂಜೆಯ ಲೋಟಕ್ಕೆ ಪುಡಿಯೇ ಬೇಡ. ಮಗ ಮುದ್ದೆ, ಬಸ್ಸಾರು, ಮೊಟ್ಟೆ, ಕಾಳು ತಿಂತಾನಲ್ವಾ? ಹಾಗಿದ್ದರೆ ಪುಡಿ ಬಿಟ್ಟಿದ್ದಕ್ಕೆ ಸೊರಗಲ್ಲ. ಅತ್ತೆಯವರಿಗೆ ಎತ್ತರ, ತೂಕ ಬರೆದ ಕಾಗದ ತೋರಿಸಿ. ಈ ವಯಸ್ಸಿನಲ್ಲಿ ವರ್ಷಕ್ಕೆ ಎರಡು-ಮೂರು ಕೆಜಿ, ಐದಾರು ಸೆಂಟಿಮೀಟರ್ ಬೆಳೆದರೆ ಸಾಕು. ಅದಕ್ಕಿಂತ ತುಂಬಾ ಕಡಿಮೆ ಇದ್ದರೆ, ಅಥವಾ ಮುಖ ಬಿಳಿಚಿಕೊಂಡಿದ್ದರೆ, ಮಕ್ಕಳ ಡಾಕ್ಟರಿಗೆ ತೋರಿಸಿ.

ತಾಯಿ (ಮೂರು ವಾರದ ಮೇಲೆ): ಸಕ್ಕರೆ ನಿಂತಿತು. ಚಮಚ ಸಮ ಮಾಡಿದೆ. ಆದರೆ ಸಂಜೆ ಬರೀ ಹಾಲು ಕೊಟ್ಟರೆ ಅರ್ಧ ಲೋಟ ಉಳಿಸ್ತಾನೆ. ಮತ್ತೆ ಪುಡಿ ಹಾಕಲಾ?

ಆಹಾರ ತಜ್ಞೆ: ಉಳಿಸಲಿ ಬಿಡಿ. ಬಲವಂತ ಬೇಡ. ರಾತ್ರಿ ಊಟಕ್ಕೆ ಒಂದು ಸಣ್ಣ ಬಟ್ಟಲು ಮೊಸರು ಕಲಸಿ ಕೊಡಿ, ಆ ಅರ್ಧ ಲೋಟ ಅಲ್ಲೇ ಸಿಕ್ಕಿಬಿಡುತ್ತೆ.