ಆಡಿಟ್‌ಗೆ ಟೀಮ್ಸ್ ಚಾಟ್ ತೆಗೆಯೋದು: ಮೊದಲು ಹೋಲ್ಡ್, ಆಮೇಲೆ ಹುಡುಕಾಟ

ಪ್ರಶ್ನೆ, ಪೀಣ್ಯದ ಕಾರ್ಖಾನೆಯೊಂದರ ಐಟಿ ಅಡ್ಮಿನ್: ನಮಸ್ಕಾರ ಸರ್. ಇವತ್ತು ಜನವರಿ 10. ಖರೀದಿ ವಿಭಾಗದ ಇಬ್ಬರ ಟೀಮ್ಸ್ ಚಾಟ್ ಬೇಕು ಅಂತ ಆಡಿಟರ್ ಕೇಳಿದ್ದಾರೆ, ಅಕ್ಟೋಬರ್ 1ರಿಂದ ಡಿಸೆಂಬರ್ 31ರವರೆಗೆ. ನಮ್ಮಲ್ಲಿ 90 ದಿನಕ್ಕೆ ಚಾಟ್ ಅಳಿಸುವ ಪಾಲಿಸಿ ಇದೆ. ಅಕ್ಟೋಬರ್ ಮೊದಲ ವಾರದ್ದು ಅವರ ಆ್ಯಪ್‌ನಲ್ಲಿ ಕಾಣ್ತಿಲ್ಲ. ಹೋಯ್ತು ಅಂತ ಬರೆದುಕೊಡಲಾ? ಮಿಕ್ಕಿದ್ದನ್ನು ತೆಗೆಯೋದು ಹೇಗೆ?

ಇನ್ನೊಬ್ಬ ಅಡ್ಮಿನ್: ಟೀಮ್ಸ್ ಅಡ್ಮಿನ್ ಸೆಂಟರ್‌ನ ಮೆಸೇಜಿಂಗ್ ಪಾಲಿಸಿಯಲ್ಲಿ, ಕಳಿಸಿದ ಮೆಸೇಜ್ ಅಳಿಸೋ ಅವಕಾಶವನ್ನು ಆಫ್ ಮಾಡಿಬಿಡಿ. ಮೊದಲು ಅದಾಗಬೇಕು. ಆಮೇಲೆ ಏನೂ ಹೋಗಲ್ಲ.

ಉತ್ತರ, ಕಂಪ್ಲಯನ್ಸ್ ಕೆಲಸ ಮಾಡುವವರು: ಈಗಲೇ ಬರೆದುಕೊಡಬೇಡಿ. ಆ್ಯಪ್‌ನಲ್ಲಿ ಕಾಣದಿದ್ದರೂ ಮೆಸೇಜ್ ಇರಬಹುದು.

ಮೇಲಿನವರು ಹೇಳಿದ್ದು ಅರ್ಧ ಸರಿ. ಅದು ಜನ ಕೈಯಾರೆ ಅಳಿಸೋದನ್ನು ತಡೆಯುತ್ತದೆ, ನಿಮ್ಮ 90 ದಿನದ ಪಾಲಿಸಿಯನ್ನು ತಡೆಯಲ್ಲ. ಪ್ರತಿ ಚಾಟ್‌ನ ಒಂದು ನಕಲು ಬಳಕೆದಾರರ ಮೇಲ್‌ಬಾಕ್ಸ್‌ನಲ್ಲಿ ಅವರಿಗೆ ಕಾಣದ `TeamsMessagesData` ಫೋಲ್ಡರ್‌ನಲ್ಲಿರುತ್ತದೆ. ಅವಧಿ ಮುಗಿದರೆ ಅದು ಆ ಕ್ಷಣಕ್ಕೇ ಹೋಗಲ್ಲ. 1ರಿಂದ 7 ದಿನದೊಳಗೆ `SubstrateHolds` ಫೋಲ್ಡರ್‌ಗೆ ಸರಿಯುತ್ತದೆ, ಅಲ್ಲಿ ಕನಿಷ್ಠ ಒಂದು ದಿನ ಉಳಿಯುತ್ತದೆ, ಮುಂದಿನ ಸುತ್ತಿನಲ್ಲಿ ಪೂರ್ತಿ ಅಳಿಯುತ್ತದೆ. ಆ ಸುತ್ತಿಗೂ ಸಾಮಾನ್ಯವಾಗಿ 1ರಿಂದ 7 ದಿನ. ಅಕ್ಟೋಬರ್ 5ರ ಮೆಸೇಜ್‌ನ ಅವಧಿ ಜನವರಿ 3ಕ್ಕೆ ಮುಗಿದಿದೆ. ಇವತ್ತಿಗೆ ಒಂದೇ ವಾರ, ಅಲ್ವಾ? ಸಿಗೋ ಸಾಧ್ಯತೆ ಚೆನ್ನಾಗಿದೆ. ಆದರೆ ದಿನ ಕಳೆದಷ್ಟೂ ಕೈತಪ್ಪುತ್ತದೆ.

ಆದ್ದರಿಂದ ಹುಡುಕೋಕೆ ಕೂರಬೇಡಿ, ಮೊದಲು ಹೋಲ್ಡ್ ಹಾಕಿ, ಅಂದರೆ ಇದ್ದದ್ದು ಅಳಿಯದಂತೆ ತಡೆಹಿಡಿಯಿರಿ. ಪರ್ವ್ಯೂ ಪೋರ್ಟಲ್‌ನಲ್ಲಿ ಒಂದು ಇ-ಡಿಸ್ಕವರಿ ಕೇಸ್ ತೆರೆದು ಇಬ್ಬರ ಮೇಲ್‌ಬಾಕ್ಸ್ ಸೇರಿಸಿ. ಗ್ಲೋಬಲ್ ಅಡ್ಮಿನ್ ಆದರೂ `eDiscovery Manager` ಗುಂಪಿಗೆ ನಿಮ್ಮನ್ನು ಸೇರಿಸಿಕೊಳ್ಳಬೇಕು, ಇಲ್ಲದಿದ್ದರೆ ಕೆಲಸ ಸಾಗಲ್ಲ. ಹೋಲ್ಡ್ ಜಾರಿಗೆ ಬರಲು 24 ಗಂಟೆಯವರೆಗೂ ಹಿಡಿಯಬಹುದು. ಉಳಿಸಿಕೊಳ್ಳೋದು, ಅಳಿಸೋದು ಎರಡೂ ಎದುರಾದರೆ ಉಳಿಸಿಕೊಳ್ಳೋದೇ ಗೆಲ್ಲುತ್ತದೆ. ಹಾಗಾಗಿ 90 ದಿನದ ಪಾಲಿಸಿಯನ್ನು ಮುಟ್ಟಬೇಕಿಲ್ಲ.

ಆಮೇಲೆ ಹುಡುಕಿ:

```
kind:microsoftteams AND sent>=2025-09-30 AND sent<=2026-01-01
```

ಎರಡೂ ಕಡೆ ಒಂದು ದಿನ ಜಾಸ್ತಿ ಕೊಟ್ಟಿದ್ದೀನಿ. ಹುಡುಕಾಟ ಯುಟಿಸಿ ಸಮಯದಲ್ಲಿ ನಡೆಯುತ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ. ಅಕ್ಟೋಬರ್ 1ರ ಬೆಳಗಿನ ಜಾವ 2ಕ್ಕೆ ಕಳಿಸಿದ್ದು ಅಲ್ಲಿ ಸೆಪ್ಟೆಂಬರ್ 30ರ ರಾತ್ರಿ 8:30. ಬೇಡದ್ದನ್ನು ಕೊನೆಗೆ ಸೋಸಿ.

ಚಾಟ್‌ನಲ್ಲಿ ಕಳಿಸಿದ ಕೊಟೇಶನ್ ಫೈಲ್‌ಗಳು ಮೇಲ್‌ಬಾಕ್ಸ್‌ನಲ್ಲಿರಲ್ಲ. ಕಳಿಸಿದವರ ಒನ್‌ಡ್ರೈವ್‌ನ `Microsoft Teams Chat Files` ಫೋಲ್ಡರ್‌ನಲ್ಲಿರುತ್ತವೆ. ಚಾಟ್‌ನ ಪಾಲಿಸಿ ಅವಕ್ಕೆ ಲಾಗೂ ಆಗಲ್ಲ. ಒನ್‌ಡ್ರೈವ್‌ಗಳನ್ನೂ ಕೇಸ್‌ಗೆ ಸೇರಿಸಿ, ಇಲ್ಲದಿದ್ದರೆ ಆಡಿಟರ್ ಕೈಗೆ ಬರೀ ಲಿಂಕ್ ಹೋಗುತ್ತದೆ. ಎಕ್ಸ್‌ಪೋರ್ಟ್ ಪಿಎಸ್‌ಟಿಯಾಗಿ ಬರುತ್ತದೆ. ಅದರಲ್ಲಿ ಮೆಸೇಜ್‌ಗಳು ಬಿಡಿಬಿಡಿ ಇರುತ್ತವೆ, ಓದೋದು ಕಷ್ಟ. ಸಂಭಾಷಣೆಯನ್ನು ಎಚ್‌ಟಿಎಂಎಲ್ ಆಗಿ ಜೋಡಿಸುವ ಆಯ್ಕೆ ನಿಮ್ಮ ಲೈಸೆನ್ಸ್‌ನಲ್ಲಿದ್ದರೆ ಅದನ್ನೇ ಬಳಸಿ.

ಎಚ್‌ಆರ್‌ನವರು: ಅಂದ್ರೆ ನಾನು ಗೆಳತಿಗೆ ಬರೆದಿದ್ದೂ ಅಡ್ಮಿನ್‌ಗೆ ಕಾಣುತ್ತಾ? ಅಳಿಸಿದ್ರೂನಾ?

ಕಂಪ್ಲಯನ್ಸ್‌ನವರು: ಆಫೀಸ್ ಟೀಮ್ಸ್‌ನಲ್ಲಿ ಬರೆದಿದ್ದರೆ ಹೌದು ಮೇಡಂ, ಹೋಲ್ಡ್ ಇದ್ದರೆ ಅಳಿಸಿದ್ದೂ ಸಿಗುತ್ತದೆ. ಆದರೆ ಎಲ್ಲ ಅಡ್ಮಿನ್‌ಗೂ ಅಲ್ಲ, ಆ ಹೊಣೆ ಇರುವವರಿಗೆ ಮಾತ್ರ. ಅವರು ಮಾಡಿದ ಹುಡುಕಾಟ, ಎಕ್ಸ್‌ಪೋರ್ಟ್ ಕೂಡ ಆಡಿಟ್ ಲಾಗ್‌ನಲ್ಲಿ ದಾಖಲಾಗುತ್ತದೆ.

ಪ್ರಶ್ನೆ ಕೇಳಿದವರು: ಸರ್, ಹೋಲ್ಡ್ ಹಾಕಿ ಹುಡುಕಿದೆ. ಅಕ್ಟೋಬರ್ 3ರಿಂದ ಸಿಕ್ಕಿದೆ, 1 ಮತ್ತು 2ರದ್ದು ಇಲ್ಲ. ಆ ದಿನ ಮಾತೇ ಆಗಿಲ್ಲ ಅಂತ ತಿಳಿಯಲಾ?

ಕಂಪ್ಲಯನ್ಸ್‌ನವರು: ಅಕ್ಟೋಬರ್ 2 ಗಾಂಧಿ ಜಯಂತಿ, ರಜೆ. ಅದು ಸಹಜ. 1ರದ್ದರ ಬಗ್ಗೆ ಹಾಗೆ ಹೇಳೋಕಾಗಲ್ಲ. ಚಾಟ್‌ನಲ್ಲಿದ್ದ ಪ್ರತಿಯೊಬ್ಬರ ಮೇಲ್‌ಬಾಕ್ಸ್‌ನಲ್ಲೂ ಬೇರೆ ನಕಲಿರುತ್ತದೆ, ಅಳಿಸುವ ಸುತ್ತು ಎಲ್ಲದರಲ್ಲೂ ಒಂದೇ ದಿನ ಬರಲ್ಲ. ಗುಂಪು ಚಾಟ್‌ನಲ್ಲಿ ಸ್ಟೋರ್ಸ್‌ನವರೂ ಇದ್ದರಾ? ಅವರದ್ದನ್ನೂ ಸೇರಿಸಿ ನೋಡಿ. ಆಗಲೂ ಸಿಗದಿದ್ದರೆ ಪತ್ರದಲ್ಲಿ ‘ಚಾಟ್ ನಡೆದಿಲ್ಲ’ ಅಂತ ಬರೆಯಬೇಡಿ. ಪಾಲಿಸಿ ಯಾವತ್ತಿಂದ ಇದೆ, ಹೋಲ್ಡ್ ಎಷ್ಟು ಗಂಟೆಗೆ ಬಿತ್ತು, ಯಾವ ತಾರೀಖಿನಿಂದ ಸಿಕ್ಕಿತು, ಇಷ್ಟನ್ನು ಬರೆಯಿರಿ.

ಇನ್ನೊಬ್ಬ ಅಡ್ಮಿನ್: ಪಿಎಸ್‌ಟಿ ಪೂರ್ತಿ ಕೊಟ್ಟುಬಿಡಿ, ನಾವೇ ಸೋಸಿದರೆ ಆಡಿಟರ್‌ಗೆ ಅನುಮಾನ ಬರುತ್ತೆ.

ಕಂಪ್ಲಯನ್ಸ್‌ನವರು: ನಾನು ಒಪ್ಪಲ್ಲ. ಅದರಲ್ಲಿ ಮನೆಯ ವಿಷಯ, ಆಸ್ಪತ್ರೆ ವಿಷಯ ಎಲ್ಲ ಇರುತ್ತದೆ. ಸರಬರಾಜುದಾರರ ಹೆಸರು, ಪಿಒ ನಂಬರ್ ಹಾಕಿ ಹುಡುಕಾಟವನ್ನು ಕಿರಿದು ಮಾಡಿ. ಯಾವ ಪದಗಳು ಅನ್ನೋದನ್ನು ಆಡಿಟರ್ ಜೊತೆ ಮೊದಲೇ ಬರಹದಲ್ಲಿ ಒಪ್ಪಿಕೊಳ್ಳಿ.

ಇನ್ನೊಬ್ಬ ಅಡ್ಮಿನ್: ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆಯೋರು ಒಂದೇ ಹೆಸರನ್ನ ಹತ್ತು ಥರ ಬರೀತಾರೆ ಸರ್. ಪದ ಹಾಕಿದರೆ ಅರ್ಧ ತಪ್ಪಿಹೋಗುತ್ತೆ.

ಕಂಪ್ಲಯನ್ಸ್‌ನವರು: ಆ ಮಾತು ನಿಜ. ಆ ಭಾಗವನ್ನು ಯಾರಾದರೂ ಕೂತು ಓದಲೇಬೇಕು. ಅದು ಕಾರ್ಖಾನೆಯವರಾ, ಆಡಿಟರ್ ಕಡೆಯವರಾ ಅನ್ನೋದನ್ನು ನಿಮ್ಮ ವಕೀಲರನ್ನು ಕೇಳಿ ತೀರ್ಮಾನಿಸಿ.