ಪದಚರ್ಚೆ: ‘ಡಿಬೌನ್ಸ್’ಗೆ ‘ಪುಟಿತ ತಡೆ’ ಅನ್ನಬಹುದೇ?

ಗೆಳೆಯರೇ,
ಎಲೆಕ್ಟ್ರಾನಿಕ್ಸ್ ಪಾಠವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬಟನ್ ಒಂದೇ ಸಲ ಒತ್ತಿದರೂ ಎಣಿಕೆ ಮೂರು ಏರುತ್ತದಲ್ಲ, ಅದರ ಬಗ್ಗೆ. ಒಳಗಿನ ಲೋಹದ ಪಟ್ಟಿ ತಾಗಿದ ಕೂಡಲೇ ನಿಲ್ಲುವುದಿಲ್ಲ. ಕೆಲವು ಮಿಲಿಸೆಕೆಂಡು ಎಗರಿ ಎಗರಿ ಬಿದ್ದು ಆಮೇಲೆ ಕೂರುತ್ತದೆ. ಇದನ್ನು ‘ಪುಟಿತ’ ಅಂದೆ. ಈ ಪುಟಿತ ಎಣಿಕೆಗೆ ಸೇರದಂತೆ ನೋಡಿಕೊಳ್ಳುವ ‘ಡಿಬೌನ್ಸ್’ಗೆ ‘ಪುಟಿತ ತಡೆ’ ಸಾಕೇ?
– ಸುಮಾ

‘ಪುಟಿತ’ ಚೆನ್ನಾಗಿದೆ. ಕೌಂಟರ್ ಬಳಸುವ ವಿಧಾನಕ್ಕೆ ‘ಪುಟಿತ ಎಣಿಕೆ’ ಅನ್ನಿ. ಎಷ್ಟು ಸಲ ಪುಟಿಯಿತು ಅಂತ ಎಣಿಸಿ ಕಳೆಯುವುದು ತಾನೇ?
– ರಾಘು

ರಾಘು, ಎಣಿಸುವುದು ನಿಜ, ಆದರೆ ಪುಟಿತವನ್ನಲ್ಲ, ನೆಮ್ಮದಿಯನ್ನು! ಮಿಲಿಸೆಕೆಂಡಿಗೊಮ್ಮೆ ಬಟನ್ ನೋಡುತ್ತೇವೆ, ಸತತ 8 ಸಲ ಒತ್ತಿದಂತೆ ಕಂಡರೆ ಮಾತ್ರ ನಂಬುತ್ತೇವೆ ಅಂದುಕೊಳ್ಳಿ. ಕಂಡದ್ದು ಹೀಗಿರಲಿ:

```
1 0 1 1 0 1 1 1 1 1 1 1 1
```

ಪ್ರತಿ 0 ಬಂದಾಗಲೂ ಎಣಿಕೆ ಮೊದಲಿಂದ ಶುರು. ಕೊನೆಯ 0 ಐದನೆಯದು, ಹಾಗಾಗಿ 13ನೇ ನೋಟಕ್ಕೆ 8 ತುಂಬುತ್ತದೆ. ಪಟ್ಟಿ ಇದಕ್ಕಿಂತ ಜಾಸ್ತಿ ಹೊತ್ತು ಪುಟಿದರೆ ಅಷ್ಟೇ ತಡ. ಬಟನ್ ಬಿಡುವಾಗಲೂ ಪುಟಿಯುತ್ತದೆ, ಆಗಲೂ ಇದೇ ಲೆಕ್ಕ. ಪುಟಿಯುವುದನ್ನು ಇಲ್ಲಿ ಯಾರೂ ತಡೆಯುತ್ತಿಲ್ಲ, ಸುಮ್ನೆ ಕಾಯುತ್ತಾರೆ. ಹಾಗಾಗಿ ‘ತಡೆ’ ನನಗೆ ಒಗ್ಗುತ್ತಿಲ್ಲ. ‘ಪುಟಿತ ಸೋಸುವುದು’ ಹೇಗೆ?
– ಮಾಲತಿ

ನನ್ನದೊಂದು ಕತೆ ಕೇಳಿ. ಒಮ್ಮೆ ತಿರುಗಿದ ಸ್ಥಿತಿಯನ್ನೇ ಹಿಡಿದಿಡುವ ಲ್ಯಾಚ್ ಸರ್ಕ್ಯೂಟ್ ಹಾಕಿದರೆ ಪುಟಿತ ಹೋಗುತ್ತದೆ ಅಂತ ಓದಿ, ಸಾದಾ ಎರಡು ಕಾಲಿನ ಬಟನ್‌ಗೆ ಹಾಕಿದೆ. ಲ್ಯಾಚ್‌ನ ಇನ್ನೊಂದು ಇನ್‌ಪುಟ್‌ಗೆ ಅದೇ ಸಿಗ್ನಲ್ಲನ್ನು 1 ಇದ್ದರೆ 0, 0 ಇದ್ದರೆ 1 ಆಗುವಂತೆ ತಿರುವಿ ಕೊಟ್ಟೆ. ಎಣಿಕೆ ಮೊದಲಿನ ಹಾಗೇ ಹಾರಿತು. ಲ್ಯಾಚಿನೊಳಗಿನ ಗೇಟ್ ಕೆಟ್ಟಿರಬೇಕು, ಅಲ್ವಾ?
– ದಿನೇಶ

ದಿನೇಶರೇ, ಗೇಟ್ ಕೆಟ್ಟಿಲ್ಲ. ಪ್ರತಿ ಪುಟಿತಕ್ಕೂ ನೀವೇ ಲ್ಯಾಚನ್ನು ಆಚೆ ಈಚೆ ತಿರುಗಿಸಿದಿರಿ. ಮೂರು ಕಾಲಿನ ಸ್ವಿಚ್ ಬೇಕು. ಅದರ ನಡುವಿನ ಪಟ್ಟಿ ಹಳೆಯ ತುದಿ ಬಿಟ್ಟು ಹೊಸದಕ್ಕೆ ಹೋಗಿ ತಾಗುತ್ತದೆ. ಮೊದಲ ಸಲ ತಾಗಿದ ಕೂಡಲೇ ಲ್ಯಾಚ್ ತಿರುಗುತ್ತದೆ. ಪಟ್ಟಿ ಪುಟಿದಾಗ ಎರಡೂ ತುದಿ ಮುಟ್ಟದೆ ನಡುವೆ ತೇಲುತ್ತದೆ. ಆಗ ಲ್ಯಾಚ್ ತನ್ನ ಹಿಡಿತ ಬಿಡುವುದಿಲ್ಲ. ಕಾಯುವ ಮಾತೇ ಇಲ್ಲ. ಹಳೆಯ ತುದಿಯವರೆಗೂ ಪುಟಿದರೆ ಮಾತ್ರ ಕೆಲಸ ಕೆಡುತ್ತದೆ.
ಮಾಲತಿಯವರೇ, ಇಲ್ಲಿ ಏನನ್ನೂ ಸೋಸುತ್ತಿಲ್ಲವಲ್ಲ? ನಾನು ‘ಚಿಲಕ’ ಅನ್ನುತ್ತೇನೆ.
– ಶಂಕರ

ಹಾಗಾದರೆ ಕೌಂಟರಿಗೆ ‘ಸೋಸುವುದು’, ಲ್ಯಾಚಿಗೆ ‘ಚಿಲಕ’ ಅಂತ ಬರೆಯುತ್ತೇನೆ. ‘ತಡೆ’ ಬಿಟ್ಟೆ. ಎರಡನ್ನೂ ಸೇರಿಸಿ ಹೇಳಲು ಸದ್ಯಕ್ಕೆ ‘ಡಿಬೌನ್ಸ್’ ಅಂತಲೇ ಇಡುವೆ. ‘ಪುಟಿತ ಕಡೆಗಣಿಸುವುದು’ ಬಾಯಿಗೆ ಉದ್ದವಾಯಿತು.
– ಸುಮಾ

‘ಕಡೆಗಣಿಕೆ’ ಅಂದರೆ ಗಿಡ್ಡವಾಗುತ್ತದಲ್ಲ?
– ರಾಘು