ಸಹಾಯ ಬೇಕು: ತುಣುಕು ಪ್ಯಾಕೆಟ್‌ಗಳು ಸುರಿಕಾಟಾ ಕಣ್ತಪ್ಪಿಸುತ್ತಿವೆ

ಎಲ್ಲರಿಗೂ ನಮಸ್ಕಾರ. ಲ್ಯಾಬ್‌ನಲ್ಲಿ ಒಂದು ಯುಡಿಪಿ ಪ್ಯಾಕೆಟನ್ನು ತುಣುಕು ಮಾಡಿ ಹಳೆಯ 2.6 ಲಿನಕ್ಸ್ ಸರ್ವರ್‌ಗೆ ಕಳಿಸಿದೆ. 16ನೇ ಬೈಟಿನಿಂದ ಶುರುವಾಗುವ, 8 ಬೈಟಿನ ತುಣುಕನ್ನು ಬೇಕೆಂದೇ ಎರಡು ಸಲ ಕಳಿಸಿದೆ: ಮೊದಲನೆಯದರಲ್ಲಿ ಸಾದಾ ಅಕ್ಷರ, ಎರಡನೆಯದರಲ್ಲಿ ನನ್ನ ರೂಲ್ ಹುಡುಕುವ ಪದ. ಕೊನೆಯ ತುಣುಕು ಆಮೇಲೆ ಹೋಯಿತು.

ಸರ್ವರ್ ಎರಡನೆಯದನ್ನು ಇಟ್ಟುಕೊಂಡು ಜೋಡಿಸಿತು. ಸುರಿಕಾಟಾ ಮೊದಲನೆಯದನ್ನು ಇಟ್ಟುಕೊಂಡಿತು, ಹಾಗಾಗಿ ಆ ರೂಲ್ ಅಲರ್ಟ್ ಕೊಡಲೇ ಇಲ್ಲ. ಇಬ್ಬರೂ ಓದಿದ್ದು ಬೇರೆ ಬೇರೆ ಪ್ಯಾಕೆಟ್! ಕಾನ್ಫಿಗ್‌ನಲ್ಲಿ ಇದ್ದದ್ದು ಹೀಗೆ:

```
host-os-policy:
  windows: [0.0.0.0/0]
```

ಆ ಸರ್ವರ್‌ನ ವಿಳಾಸವನ್ನು `linux` ಸಾಲಿಗೆ ಸೇರಿಸಿದರೆ ಸಾಕೇ? ನನಗೆ ಸಾಲದು ಅನ್ನಿಸುತ್ತದೆ, ಯಾಕೆಂದರೆ ಓಎಸ್ ಬದಲಾದಾಗಲೆಲ್ಲ ಪಟ್ಟಿ ತಿದ್ದಬೇಕು. ಒಂದರ ಮೇಲೊಂದು ಬೀಳುವ ತುಣುಕುಗಳನ್ನು ಫೈರ್‌ವಾಲ್‌ನಲ್ಲೇ ಬಿಸಾಡುತ್ತಿರುವವರು ಇದ್ದೀರಾ? ಹೇಗೆ ಮಾಡಿದಿರಿ, ದಯವಿಟ್ಟು ತಿಳಿಸಿ.